ಹಣ್ಣಾಗೋಕೆ ಇನ್ನೂ ಕಾಯಿ

ಅರಸೀಕೆರೆ ಅಂದರೆ ರಾಣಿಯ ಕೆರೆ ಅಂತ ನಮ್ಮೂರಿನ ಚಿಳ್ಳೆ ಪಿಳ್ಳೆಗೂ ಗೊತ್ತು. ಹೊಯ್ಸಳರ ಯಾವ ಅರಸಿ, ಯಾವ ಕಾಲ ಅನ್ನೋದನ್ನು ಶಾಸನ ಓದುವವರಿಗೇ ಬಿಡೋಣ. ನನಗೆ ಮಜಾ ಅನ್ನಿಸುವುದು ಬೇರೆ ಸಂಗತಿ. ಅರಸಿ ಅಂದರೆ ರಾಣಿಯೂ ಹೌದು, ಹುಡುಕಿ ಅಂತಲೂ ಹೌದು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಕೊಡ ಹಿಡಿದು ಓಡಾಡುವವರನ್ನು ಕಂಡರೆ ಎರಡನೇ ಅರ್ಥವೇ ವಾಸಿ ಅನ್ನಿಸುತ್ತದೆ, ಅಲ್ವಾ? ಊರಿನ ಹೆಸರೇ ಹೀಗೆ ಎರಡು ಕಡೆ ಕಾಲಿಟ್ಟು ನಿಂತಿದ್ದರೆ ಊರಿನವರು ಸುಮ್ಮನಿರುತ್ತಾರೆಯೇ?

ಪಕ್ಕದ ಮನೆ ಹುಡುಗಿಯ ಸೋದರಮಾವನ ಮಗ ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವನು. ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಮಾತಾಡಿದರೆ ನಮಗೆ ಗೊತ್ತಾಗುವುದಿಲ್ಲ. ಚಿಕ್ಕವನಿದ್ದಾಗ ಒಮ್ಮೆ ಬಂದಿದ್ದ. ಊರಿನ ಹೆಸರಿಗೆ ಅರ್ಥ ಏನು ಅಂತ ಕೇಳಿದ. ಯಾರೋ ದೊಡ್ಡವರು ಇಂಗ್ಲಿಷಿನಲ್ಲಿ 'ಕ್ವೀನ್ಸ್ ಟ್ಯಾಂಕ್' ಅಂದರು. ಪಾಪ, ಹುಡುಗ ಎರಡು ದಿನ ಊರೆಲ್ಲ ಸುತ್ತಿ, ಕೊನೆಗೆ ರೈಲ್ವೆ ಸ್ಟೇಷನ್ ಹತ್ತಿರ ನಿಂತು, ಆ ರಾಣಿಯ ಯುದ್ಧದ ಟ್ಯಾಂಕು ಎಲ್ಲಿಟ್ಟಿದ್ದೀರಿ ಅಂತ ಕೇಳಿದ! ನೋಡಿ, ಕನ್ನಡದಲ್ಲಿದ್ದ ಶ್ಲೇಷೆ ದಾರಿಯಲ್ಲೇ ಬಿದ್ದುಹೋಯಿತು, ಯಾರೂ ಕರೆಯದ ಇನ್ನೊಂದು ಶ್ಲೇಷೆ ಬಂದು ಪಡಸಾಲೆಯಲ್ಲಿ ಕೂತಿತು. ಅನುವಾದದಲ್ಲಿ ಇದೊಂದು ಕಾಟ.

ಈಗ ಅದೇ ಹುಡುಗ ದೊಡ್ಡವನಾಗಿದ್ದಾನೆ. ಅತ್ತೆ ಮಗಳಿಗೆ ಮೂವತ್ತು ತುಂಬಿತು ಅಂತ ಒಂದು ಕಾರ್ಡು ಕಳಿಸಿದ. ಬೇಲಿ ಆಚೆಯಿಂದ ಅವಳೇ ಕೈ ಚಾಚಿ ತೋರಿಸಿದಳು. ಬೇಲಿ ಅಂದೆ, ಈಗೆಲ್ಲಿ ಬೇಲಿ, ಎದೆಮಟ್ಟದ ಕಾಂಪೌಂಡು ಗೋಡೆ. ಹರಟೆಗೆ ಅಷ್ಟೇ ಎತ್ತರ ಅನುಕೂಲ, ಮೊಣಕೈ ಊರಬಹುದು. ಕಾರ್ಡಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡ ಒಂದು ತೆಂಗಿನಕಾಯಿ. ಅತ್ತೆ ಮನೆ ತೆಂಗಿನ ಸೀಮೆಯಲ್ಲಿದೆ ಅಂತ ಹುಡುಕಿ ಕೊಂಡಿರಬೇಕು. ಕೆಳಗೆ ಬರೆದಿತ್ತು, 'ಕೋಕೋ-ನಟ್ಸ್ ಅಬೌಟ್ ಯು'. ನಟ್ ಅಂದರೆ ಕಾಯಿ, ಯಾರ ಬಗ್ಗೆಯಾದರೂ 'ನಟ್ಸ್' ಅಂದರೆ ಅವರನ್ನು ಕಂಡರೆ ಹುಚ್ಚು ಪ್ರೀತಿ. ಕೋಕೋನಟ್ಟಿನ ಬಾಲದಲ್ಲೇ ಹುಚ್ಚು ಕೂತಿದೆ. ಇಂಗ್ಲಿಷಿನವರಿಗೆ ಸಲೀಸು.

ತೊಡಕು ಶುರುವಾದದ್ದು ಅಜ್ಜಿಯಿಂದ. ಇಬ್ಬರಿಗೂ ಒಬ್ಬಳೇ ಅಜ್ಜಿ, ಮಗಳ ಮನೆಯಲ್ಲಿದ್ದಾಳೆ. 'ಏನು ಬರ್ದವ್ನೆ ನನ್ ಮೊಮ್ಮಗ, ಓದೇ' ಅಂದಳು. ಹುಡುಗಿ ಪದಕ್ಕೆ ಪದ ಇಟ್ಟು, 'ನಿನ್ನ ಬಗ್ಗೆ ತೆಂಗಿನಕಾಯಿ ಅಂತ ಬರ್ದಿದಾನೆ ಅಜ್ಜಿ' ಅಂದಳು. ಅಜ್ಜಿ ಗಾಬರಿ. 'ನಿನ್ ಹೆಸರಲ್ಲಿ ಕಾಯಿ ಒಡಿಸ್ತಾನಂತಾ? ಯಾಕೆ, ಹುಷಾರಿಲ್ವಾ ನಿಂಗೆ?' ಸರಿ, ಪದ ಬಿಟ್ಟು ಭಾವ ಹೇಳೋಣ ಅಂತ ಹುಡುಗಿ, 'ನಿನ್ನ ಕಂಡ್ರೆ ನಂಗೆ ಹುಚ್ಚು ಅಂತ ಅರ್ಥ' ಅಂದಳು. ಅಜ್ಜಿಯ ಮುಖ ಅರಳಿತು. ಸೋದರಮಾವನ ಮಗ, ಅತ್ತೆ ಮಗಳು, ಹುಚ್ಚು! 'ಹಂಗಾದ್ರೆ ಅವರಪ್ಪಂಗೆ ಫೋನ್ ಮಾಡು, ಮಾತುಕತೆ ಆಡೋಣ' ಅನ್ನುವಷ್ಟಕ್ಕೆ ಹೋಯಿತು. ಅಲ್ಲಿ 'ಕಸಿನ್' ಅನ್ನೋ ಒಂದೇ ಮಾತಿಗೆ ದೊಡ್ಡಪ್ಪನ ಮಗನೂ ಸೇರುತ್ತಾನೆ, ಮಾವನ ಮಗನೂ ಸೇರುತ್ತಾನೆ. ನಮ್ಮಲ್ಲಿ ಮೊದಲನೆಯವನು ಅಣ್ಣ, ಎರಡನೆಯವನು ಬಿಡಿ, ಛೇಡಿಸೋದಕ್ಕೆ ಲೈಸೆನ್ಸ್ ಇರುವವನು. ಆ ಲೈಸೆನ್ಸ್ ಹಿಡಿದುಕೊಂಡೇ ಅಜ್ಜಿ ಛತ್ರದ ತನಕ ಹೋಗಿಬಿಟ್ಟಳು.

'ಮಾವ, ನೀವೇ ಏನಾದ್ರೂ ಹೇಳಿ' ಅಂತ ಹುಡುಗಿ ನನ್ನ ಕಡೆ ತಿರುಗಿದಳು. ನಾನು ಏನು ಹೇಳಲಿ? ಶ್ಲೇಷೆಯನ್ನು ಎತ್ತಿಕೊಂಡು ಆಚೆ ದಡಕ್ಕೆ ಹೋಗೋಕೆ ಆಗುವುದಿಲ್ಲ. ಎರಡು ಅರ್ಥ ಒಂದೇ ಸದ್ದಿನಲ್ಲಿ ಕೂತಿರುವುದು ಆ ಭಾಷೆಯ ಆಕಸ್ಮಿಕ. ಈ ಭಾಷೆಯಲ್ಲಿ ಅದೇ ಎರಡು ಅರ್ಥ ಎರಡು ಬೇರೆ ಬೀದಿಯಲ್ಲಿ ವಾಸ ಮಾಡುತ್ತಿರುತ್ತವೆ. ಹಾಗಾಗಿ ಮಾತನ್ನು ಅಲ್ಲೇ ಬಿಟ್ಟು, ನಗು ಎಲ್ಲಿ ಬೀಳಬೇಕು ಅನ್ನೋದನ್ನು ಮಾತ್ರ ತಂದುಕೊಳ್ಳಬೇಕು. ಆಮೇಲೆ ಈ ಕಡೆಯ ಆಕಸ್ಮಿಕ ಯಾವುದಿದೆ ಅಂತ ಹುಡುಕುವುದು.

ಸಂಸ್ಕೃತದಿಂದ ಕನ್ನಡಕ್ಕೆ ತರುವವರಿಗೆ ಇಷ್ಟು ಕಷ್ಟ ಇರಲಿಲ್ಲ ಅನ್ನಿ. ಬಾಣಭಟ್ಟನ ಕಾದಂಬರಿಯನ್ನು ನಾಗವರ್ಮ ಕನ್ನಡದ ಚಂಪುವಿಗೆ ತಂದನಲ್ಲ, ಅವನಂಥವರಿಗೆ ಒಂದು ಅನುಕೂಲ ಇತ್ತು. 'ಕರ' ಅಂದರೆ ಕೈ, ಕಿರಣ, ಕಂದಾಯ, ಮೂರೂ ಅಲ್ಲೂ ಉಂಟು, ಇಲ್ಲೂ ಉಂಟು. ಸೂರ್ಯ ಕರ ಚಾಚಿದ, ರಾಜನೂ ಕರ ಚಾಚಿದ ಅಂದರೆ ಪದ ಬದಲಿಸದೆ ಗಡಿ ದಾಟಬಹುದು, ಸುಂಕವೇ ಇಲ್ಲ. ಕೆಲವು ಸಲ ಮೇಲೆ ಕೊಸರೂ ಸಿಗುತ್ತದೆ. 'ಹರಿ' ಅಂದರೆ ಸಂಸ್ಕೃತದಲ್ಲಿ ವಿಷ್ಣು, ಸಿಂಹ, ಕುದುರೆ, ಕಪಿ. ಕನ್ನಡಕ್ಕೆ ಬಂದ ಮೇಲೆ ನೀರು ಹರಿಯುವುದೂ ಬಟ್ಟೆ ಹರಿಯುವುದೂ ಜೊತೆಗೆ ಸೇರಿಕೊಂಡಿತು. ನಮ್ಮ ಮೇಷ್ಟ್ರೊಬ್ಬರು ಮೊಣಕೈ ಹತ್ತಿರ ತೂತಾದ ಅಂಗಿ ಹಾಕಿಕೊಂಡು ಬಂದ ಹುಡುಗನಿಗೆ 'ಬಾಪ್ಪಾ ಶ್ರೀಹರಿ' ಅನ್ನುತ್ತಿದ್ದರು. ಅವನ ಹೆಸರು ಬೇರೆ ಏನೋ. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು, ಅವನೂ ನಗುತ್ತಿದ್ದ. ಇಂಗ್ಲಿಷಿನಿಂದ ಬರುವಾಗ ಈ ಸವಲತ್ತು ಇಲ್ಲ.

ನಾ. ಕಸ್ತೂರಿಯವರು ಲೂಯಿಸ್ ಕ್ಯಾರಲ್‌ನ ಆಲಿಸಳನ್ನು 'ಪಾತಾಳದಲ್ಲಿ ಪಾಪಚ್ಚಿ' ಮಾಡಿದರು. ಆ ಹೆಸರನ್ನೇ ಬಾಯಲ್ಲಿಟ್ಟು ನೋಡಿ. ಆಲಿಸ್ ಅನ್ನುವ ಹುಡುಗಿ ಹೋದಳು, ಪಾಪಚ್ಚಿ ಬಂದಳು, ಪಕಾರದ ಮೇಲೆ ಪಕಾರ ಕುಣಿಯಿತು. 'ಅನರ್ಥಕೋಶ' ಬರೆದ ಕೈ, ಕೇಳಬೇಕೆ? ಆ ಇಂಗ್ಲಿಷ್ ಕಥೆಯಲ್ಲಿ ಒಂದು ಇಲಿ ಬರುತ್ತದೆ. ತನ್ನದು ಉದ್ದವಾದ ದುಃಖದ 'ಟೇಲ್' ಅನ್ನುತ್ತದೆ, ಕಥೆ ಅಂತ ಅದರ ಮನಸ್ಸಿನಲ್ಲಿ. ಹುಡುಗಿಯ ಕಣ್ಣು ಅದರ ಬಾಲದ ಕಡೆ ಹೋಗುತ್ತದೆ, ಬಾಲವೂ 'ಟೇಲ್' ತಾನೇ. ನನಗೆ ನಿದ್ದೆ ಬಾರದ ರಾತ್ರಿ ಇಂಥವು ಕಾಡುತ್ತವೆ. ಕಥೆ ಅನ್ನೋ ಪದವನ್ನು ಹಿಡಿದುಕೊಂಡು ಕೂತರೆ ಬೆಳಗಾದರೂ ಬಗೆಹರಿಯುವುದಿಲ್ಲ. ಬಾಲದ ಕಡೆಯಿಂದ ಹೊರಡಿ. ಬಾಲ ಅಂದರೆ ಮಗುವೂ ಹೌದಲ್ಲವೇ? ಇಲಿ ಕೈಮುಗಿದು, 'ಅಮ್ಮಾ, ನನ್ನ ಬಾಲಲೀಲೆ ಕೇಳಿದರೆ ನಿನಗೆ ಅಳು ಬರುತ್ತೆ' ಅನ್ನಲಿ. ಹುಡುಗಿ ತಿರುಗಿ ಬಾಲ ನೋಡೇ ನೋಡುತ್ತಾಳೆ. ಇದು ನನ್ನ ಕಿತಾಪತಿ, ಕಸ್ತೂರಿಯವರ ತಲೆಗೆ ಕಟ್ಟಬೇಡಿ.

ತೆಂಗಿನಕಾಯಿಗೆ ಬರೋಣ. ಕಾರ್ಡಿನಲ್ಲಿ ಚಿತ್ರ ಅಚ್ಚಾಗಿ ಕೂತಿದೆಯಲ್ಲ, ಅದನ್ನು ಬದಲಿಸುವ ಹಾಗಿಲ್ಲ. ಕುಂಬಳಕಾಯಿ ಮೇಲೆ ಎಂಥ ಒಳ್ಳೆ ಶ್ಲೇಷೆ ಹೊಳೆದರೂ ಪ್ರಯೋಜನ ಇಲ್ಲ. ಹುಟ್ಟುಹಬ್ಬದ ಮಾತಾಗಿರಬೇಕು, ಕೀಟಲೆ ಇರಬೇಕು, ಅಜ್ಜಿ ಛತ್ರ ಬುಕ್ ಮಾಡಬಾರದು. ಗೋಡೆಯ ಮೇಲೆ ಮೊಣಕೈ ಊರಿ ನಾವಿಬ್ಬರೂ ತೆಂಗಿನ ಮರವನ್ನೇ ಬುಡದಿಂದ ತುದಿಯವರೆಗೆ ಹತ್ತಿದೆವು. ಗರಿ, ಗೊನೆ, ಎಳನೀರು, ಜುಟ್ಟು, ಚಿಪ್ಪು, ತಿರುಳು, ಕೊಬ್ಬರಿ.

'ಗೊನೆ ಅಂದ್ರೆ ಕೊನೆ ಅಂತ ಕೇಳುತ್ತೆ, ಹುಟ್ಟಿದ ದಿನಕ್ಕೆ ಬೇಡಮ್ಮ' ಅಂದೆ. 'ಚಿಪ್ಪು ಇಡೋಣ ಮಾವ, ಬರೀ ಕಾರ್ಡ್ ಕಳ್ಸಿದಾನೆ, ಗಿಫ್ಟ್ ಇಲ್ಲ, ನನ್ ಕೈಗೆ ಚಿಪ್ಪೇ ತಾನೇ' ಅಂದಳು. ಚೆನ್ನಾಗಿತ್ತು, ಆದರೆ ಅದು ಅವಳು ಅವನಿಗೆ ಹೇಳಬೇಕಾದ ಮಾತು, ಅವನು ಅವಳಿಗೆ ಹೇಳುವುದಲ್ಲ. ಆಮೇಲೆ ಎಳನೀರು ಬಂತು. 'ಮೂವತ್ತಾದ್ರೂ ಇನ್ನೂ ಎಳನೀರು' ಅಂತ ಅವಳೇ ಹೇಳಿಕೊಂಡು ಖುಷಿಪಟ್ಟಳು. ಇಲ್ಲಿ ಸ್ವಲ್ಪ ನಿಲ್ಲಬೇಕು ನೋಡಿ, ಎಷ್ಟೋ ಜನ ಜಾರುವುದು ಇಲ್ಲೇ. ಎಳನೀರು ತೆಗೆದು ಆ ಜಾಗದಲ್ಲಿ ಮಾವಿನ ಮಿಡಿ ಇಡಿ. 'ಮೂವತ್ತಾದ್ರೂ ಇನ್ನೂ ಮಾವಿನ ಮಿಡಿ.' ಏನಾದರೂ ನಷ್ಟ ಆಯಿತೇ? ಇಲ್ಲ. ಹಾಗಾದರೆ ಅದು ಹೋಲಿಕೆ, ಶ್ಲೇಷೆಯಲ್ಲ. ಶ್ಲೇಷೆಯಾದರೆ ಪದ ಅಲ್ಲಾಡಿಸಿದ ಕೂಡಲೇ ಮಾತೇ ಕುಸಿಯಬೇಕು. ಅಟ್ಟದ ಮೇಲೆ ವರ್ಷದ ಹತ್ತಿರ ಸಿಪ್ಪೆ ಸಮೇತ ಬಿಟ್ಟ ಕಾಯಿಯನ್ನು ಕೈಯಲ್ಲಿ ಹಿಡಿದು ಕುಲುಕುತ್ತೇವಲ್ಲ, ಒಳಗೆ ನೀರು ಇಂಗಿ ಉಂಡೆ ಬಿಟ್ಟುಕೊಂಡು ಗಡಗಡ ಅಂದರೆ ಕೊಬ್ಬರಿ ಆಯ್ತು ಅಂತ, ಹಾಗೆ ಕುಲುಕಿ ನೋಡಬೇಕು. ಎಳನೀರಿನ ಮಾತು ಗಡಗಡ ಅನ್ನಲಿಲ್ಲ.

ಕೊಬ್ಬರಿ ಅಂದ ಕೂಡಲೇ ನನಗೆ ಹೊಳೆಯಿತು. ಕೊಬ್ಬು, ಅರಿ, ಸೇರಿದರೆ ಕೊಬ್ಬರಿ. ಊರು, ಅಲ್ಲಿ ಸೇರಿ ಊರಲ್ಲಿ ಆದ ಹಾಗೆ ಶುದ್ಧ ಲೋಪಸಂಧಿ. 'ಬರೀ ಕೊಬ್ಬರಿ ಅಲ್ಲ ಕಣೆ, ನಿನ್ನ ಕೊಬ್ಬು ಅರಿ' ಅಂತ ಬರೆಯಬಹುದು. ಪದವನ್ನು ಮುರಿದು ಅರ್ಥ ತೆಗೆಯುವ ಇದಕ್ಕೆ ಸಭಂಗ ಶ್ಲೇಷೆ ಅಂತ ಹೆಸರು, ಮುರಿಯದೆ ತೆಗೆದರೆ ಅಭಂಗ. 'ಅರಿ ಅಂದ್ರೆ ಶತ್ರು ಅಲ್ವಾ ಮಾವ? ಕೊಬ್ಬಿಗೆ ಶತ್ರು ಅಂತಲೂ ಆಗುತ್ತೆ, ಜಿಮ್‌ನವರಿಗೆ ಹೇಳ್ಬೋದು' ಅಂದಳು. ಆಗುತ್ತದೆ, ಆದರೆ ಕನ್ನಡದ ಕೊಬ್ಬಿಗೆ ಸಂಸ್ಕೃತದ ಅರಿ ಅಂಟಿಸಿದರೆ ಅರಿಸಮಾಸ ಆಗಿಬಿಡುತ್ತದೆ. ಹೊಯ್ಸಳರ ಕಾಲದ ಕೇಶಿರಾಜ ಹದಿಮೂರನೇ ಶತಮಾನದಲ್ಲೇ ಶಬ್ದಮಣಿದರ್ಪಣ ಬರೆದು ಇಂಥದ್ದಕ್ಕೆಲ್ಲ ಕಣ್ಣು ಕೆಂಪಗೆ ಮಾಡಿಟ್ಟಿದ್ದಾನೆ. ಅವನ ಸೀಮೆಯಲ್ಲೇ ಕೂತು ಹಾಗೆ ಮಾಡಬಾರದು. ಅದೂ ಅಲ್ಲದೆ ಮೂವತ್ತು ತುಂಬಿದ ಹೆಣ್ಣುಮಗಳ ಹುಟ್ಟುಹಬ್ಬಕ್ಕೆ ಕೊಬ್ಬಿನ ಮಾತು ಎತ್ತುವ ಧೈರ್ಯ ನ್ಯೂಜೆರ್ಸಿಯಲ್ಲಿರುವವನಿಗೆ ಇರಬಹುದು, ಗೋಡೆ ಪಕ್ಕ ಇರುವ ನನಗಿಲ್ಲ.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಸಾದಾ ಪದ, ಕಾಯಿ. ನೀವು ಗಮನಿಸಿದ್ದೀರೋ ಇಲ್ಲವೋ, ತೆಂಗಿನದು ಎಷ್ಟೇ ಬಲಿಯಲಿ, ಮರದಿಂದ ತಾನಾಗೇ ಉದುರಲಿ, ಕಾಯಿಯೇ. ತೆಂಗಿನಹಣ್ಣು ಅಂತ ಸಂತೆಯಲ್ಲಿ ಯಾರಾದರೂ ಕೇಳಿದರೆ ತಿರುಗಿ ನೋಡುತ್ತಾರೆ. ಬಾಳೆ ಹಣ್ಣಾಗುತ್ತದೆ, ಮಾವು ಹಣ್ಣಾಗುತ್ತದೆ, ಮನುಷ್ಯನೂ ಹಣ್ಣುಹಣ್ಣು ಮುದುಕ ಆಗುತ್ತಾನೆ, ತೆಂಗಿಗೆ ಮಾತ್ರ ಆ ಭಾಗ್ಯ ಇಲ್ಲ. ಹುಟ್ಟುಹಬ್ಬಕ್ಕೆ ಇದಕ್ಕಿಂತ ಬೇಕೇ? ಮೇಲೆ, ಕಾಯುವುದಕ್ಕೂ ಕಾಯಿ ಅನ್ನುತ್ತೇವೆ. ಎರಡನ್ನೂ ಕೂಡಿಸಿದರೆ, 'ಹಣ್ಣಾಗೋಕೆ ಇನ್ನೂ ಕಾಯಿ!' ಮುದುಕಿಯಾಗೋಕೆ ಇನ್ನೂ ಕಾದಿರು ಅಂತಲೂ ಆಯಿತು, ನೀನಿನ್ನೂ ಕಾಯಿ ಅಂತಲೂ ಆಯಿತು. ಚಿತ್ರದ ಕನ್ನಡಕದವನು ಇದ್ದ ಜಾಗದಲ್ಲೇ ಇದ್ದ. ಈಗ ಕಾಯಿ ತೆಗೆದು ಮಿಡಿ ಇಟ್ಟು ನೋಡಿ, ಮಾತು ಪಟ್ಟನೆ ಕುಸಿಯುತ್ತದೆ.

ಕಳೆದುಕೊಂಡದ್ದೇನೂ ಇಲ್ಲ ಅಂತಲ್ಲ. ಇಂಗ್ಲಿಷಿನಲ್ಲಿದ್ದ ಹುಚ್ಚುಪ್ರೀತಿ ಹೋಯಿತು, ಅದರ ಜಾಗಕ್ಕೆ ವಯಸ್ಸಿನ ತಮಾಷೆ ಬಂತು. ಪ್ರೀತಿಗೆ ಬೇರೆ ಜಾಗ ಮಾಡಿದೆವು. ಮೇಲುಗಡೆ 'ಅತ್ತೆಮಗಳೇ' ಅಂತ ಕರೆಯುವುದರಲ್ಲೇ ಬೇಕಾದಷ್ಟು ಸಲಿಗೆ ಇದೆ, ಹುಚ್ಚು ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೆಲವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳದೆ, 'ಇಲ್ಲಿ ಮೂಲದಲ್ಲಿ ಶ್ಲೇಷೆಯಿದೆ' ಅಂತ ಅಡಿಟಿಪ್ಪಣಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಪಂಡಿತರ ಪುಸ್ತಕಕ್ಕೆ ಅದು ಸರಿ. ಅಜ್ಜಿಗೆ ಅಡಿಟಿಪ್ಪಣಿ ಓದಿ ನಗಿಸೋಕಾಗುತ್ತಾ, ಹೇಳಿ?

ಹುಡುಗಿ ಒಳಗೆ ಹೋಗಿ ಅಜ್ಜಿಗೆ ಹೊಸ ಮಾತು ಓದಿದಳು. ಅಜ್ಜಿ ನಕ್ಕಳು, ಆದರೆ ನಮ್ಮ ನಿರೀಕ್ಷೆಯಷ್ಟಲ್ಲ. 'ಇದೇನ್ ಮಹಾ, ಜೇನುಕಲ್ ಬೆಟ್ಟಕ್ಕೆ ಹೋದಾಗ್ಲೆಲ್ಲ ನಾನು ಸಿದ್ದೇಶ್ವರಂಗೆ ಹೇಳ್ತಿದ್ದೆ, ಅಪ್ಪಾ ತಂದೆ, ಕಾಯಿ ತಂದಿವ್ನಿ, ಕಾಯಿ ಅಂತ' ಅಂದಳು. ಹಿಡಿದುಕೊಂಡು ಬಂದದ್ದೂ ಕಾಯಿ, ಬೇಡಿಕೊಂಡದ್ದೂ ಕಾಯಿ! ನಾವು ಹೊತ್ತು ಮುಳುಗುವ ತನಕ ಮರ ಹತ್ತಿ ಇಳಿದು ಕಿತ್ತದ್ದನ್ನು ಅಜ್ಜಿ ಯಾವ ಕಾಲದಿಂದಲೋ ದೇವರ ಮುಂದೆ ಒಡೆಯುತ್ತಾ ಬಂದಿದ್ದಾಳೆ. ಅದನ್ನು ಇಂಗ್ಲಿಷಿಗೆ ಮಾಡು ಅಂತ ನನ್ನನ್ನು ಕೇಳಬೇಡಿ.

ಇಂಗ್ಲಿಷಿಗೆ ಮಾಡುವ ಸರದಿಯೂ ಬಂತು ಅನ್ನಿ. ಆ ಹುಡುಗನ ಹುಟ್ಟುಹಬ್ಬ ಮುಂದಿನ ತಿಂಗಳಿತ್ತು, ನಲವತ್ತು. ಬೇಲೂರು ಒಳಗೆ ನೋಡು, ಹಳೇಬೀಡು ಹೊರಗೆ ನೋಡು ಅನ್ನೋ ಗಾದೆ ನಿಮಗೆ ಗೊತ್ತೇ ಇದೆ. ಹುಡುಗಿ ಅದನ್ನು ಹಿಡಿದು, 'ಹೊರಗೆ ಹಳೇಬೀಡು, ಒಳಗೆ ಬೇಲೂರು' ಅಂತ ಬರೆದಳು. ತಲೆ ನರೆತು ಹೊರಗೆ ಹಳೇದಾಗಿದ್ದೀಯ, ಒಳಗಿನ ಚೆನ್ನಿಗನಿಗೆ ಮಾತ್ರ ಇನ್ನೂ ದಿನಾ ಪೂಜೆ ಅಂತ. ನಮ್ಮ ಸೀಮೆಯವರಿಗೆ ಒಂದೇ ಉಸಿರಿಗೆ ತಗಲುತ್ತದೆ. ಆ ಹುಡುಗನಿಗೂ ಅರ್ಧ ಗೊತ್ತಾಗುತ್ತದೆ. ಆದರೆ ಅವನು ಅದನ್ನು ಆಫೀಸಿನ ಗೆಳೆಯರಿಗೆ ತೋರಿಸಬೇಕಂತೆ. ಅವರಿಗೆ ಗಾದೆ ಗೊತ್ತಿಲ್ಲ, ಹಳೇಬೀಡಿನೊಳಗೆ 'ಹಳೇ' ಇದೆ ಅಂತ ಮೊದಲೇ ಗೊತ್ತಿಲ್ಲ.

ಇದನ್ನು ಬಿಡಿಸಿದ್ದು ಹುಡುಗಿಯೇ. ಬಸ್ಸಿನಲ್ಲಿ ಕೂತು ಹೋಗುವಾಗ ರಸ್ತೆ ಪಕ್ಕದ ಬೋರ್ಡು ನೋಡಿದಳಂತೆ. ಹಳೇಬೀಡನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆ? ಎಚ್, ಎ, ಎಲ್, ಇ, ಆಮೇಲೆ ಬೀಡು. ಆ ನಾಲ್ಕು ಅಕ್ಷರವನ್ನು ಇಂಗ್ಲಿಷಿನವನು 'ಹೇಲ್' ಅಂತ ಓದುತ್ತಾನೆ. ಗಟ್ಟಿಮುಟ್ಟಾಗಿದ್ದಾನೆ ಅನ್ನೋದಕ್ಕೆ ಅವರು 'ಹೇಲ್ ಅಂಡ್ ಹಾರ್ಟಿ' ಅನ್ನುತ್ತಾರಲ್ಲ, ಅದೇ ಹೇಲ್! ಅವರ ಲಿಪಿಯಲ್ಲಿ ನಮ್ಮ 'ಳ' ಇಲ್ಲ. ಆ ಳಕಾರ ಕಳೆದುಹೋದದ್ದಕ್ಕೇ ಈ ಶ್ಲೇಷೆ ಸಿಕ್ಕಿತು. 'ನಲವತ್ತಾದರೂ ಹೇಲ್‌ಬೀಡು ಅಂಡ್ ಹಾರ್ಟಿ' ಅಂತ ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಗುಡಿಯ ಫೋಟೋ ಅಂಟಿಸಿದಳು. ಕನ್ನಡದಲ್ಲಿ ಹಳೇದು ಅಂತ ಛೇಡಿಸಿದ ಊರೇ ಇಂಗ್ಲಿಷಿನಲ್ಲಿ ಗಟ್ಟಿ ಅಂತ ಹೊಗಳಿತು. ಅರ್ಥ ತಲೆಕೆಳಗಾಯಿತು, ಹುಟ್ಟುಹಬ್ಬ ಕೆಡಲಿಲ್ಲ.

ಒಂದೇ ಷರತ್ತು, ಇದನ್ನು ಬರೆದೇ ಕಳಿಸಬೇಕು. ಇದು ಕಣ್ಣಿನ ಶ್ಲೇಷೆ, ಕಿವಿಯದಲ್ಲ. ಬೀಚಿಯವರು ತಮ್ಮ ಹೆಸರಿನಲ್ಲಿ 'ಬೀ' ಕನ್ನಡದಲ್ಲೂ 'ಚಿ' ಇಂಗ್ಲಿಷ್ ಅಕ್ಷರದಲ್ಲೂ ಬರೆಯುತ್ತಿದ್ದರಲ್ಲ, ರೇಡಿಯೋದಲ್ಲಿ ಹೇಳಿದರೆ ಆ ಕುಚೋದ್ಯ ಎಲ್ಲಿ ಕಾಣಬೇಕು? ಇದೂ ಹಾಗೇ. ಬಾಯಲ್ಲಿ ಹಳೇಬೀಡು ಅಂದರೆ ಹೇಲ್ ಮಾಯ. ಬಾಯಲ್ಲಿ ಹೇಲ್ ಅಂತಲೇ ಅಂದುಬಿಟ್ಟರೆ ಇನ್ನೂ ಅನಾಹುತ. ಹುಡುಗಿ ಉಮೇದಿನಲ್ಲಿ ಅಜ್ಜಿಗೆ 'ಹೇಲ್ ಅಂಡ್ ಹಾರ್ಟಿ ಅಂತ ಬರ್ದಿದೀನಿ' ಅಂತ ಕೂಗಿ ಹೇಳಿದಳು. ಅದು ಕನ್ನಡದ ಕಿವಿಗೆ ಏನಾಗಿ ಬಿತ್ತು ಅಂತ ನಾನು ಇಲ್ಲಿ ಬರೆಯುವುದಿಲ್ಲ, ನೀವೂ ಜೋರಾಗಿ ಓದಬೇಡಿ. 'ಹುಟ್ಟಿದ ಹಬ್ಬದ ದಿನ ಅದೇನೇ ಮಾತು, ಥೂ' ಅಂತ ಅಜ್ಜಿ ಸೆರಗು ಮೂಗಿಗೆ ಹಿಡಿದಳು.

ಆ ಕಡೆಯಿಂದ ಉತ್ತರ ಬಂತು. ಆಫೀಸಿನವರು ಬಿದ್ದು ಬಿದ್ದು ನಕ್ಕರಂತೆ. ಅವರಲ್ಲಿ ಒಬ್ಬ ಇಂಡಿಯಾಕ್ಕೆ ಬರುವ ತಯಾರಿಯಲ್ಲಿದ್ದಾನಂತೆ, ಗುಡಿ ನೋಡೋಕೆ. ಹೇಲ್‌ಬೀಡು ಗೊತ್ತಾಯಿತು, ಅಲ್ಲಿಂದ ಬೇಲೂರಿಗೆ ಹದಿನಾರು ಕಿಲೋಮೀಟರು ಅಂತಲೂ ನೋಡಿಕೊಂಡಿದ್ದಾನೆ, ಆದರೆ ಆ ಹಾರ್ಟಿ ಅನ್ನೋ ಊರು ಎಷ್ಟು ದೂರ, ಅಲ್ಲೂ ಹೊಯ್ಸಳರ ಗುಡಿ ಇದೆಯಾ ಅಂತ ಕೇಳಿದ್ದಾನೆ. 'ಏನ್ ಹೇಳ್ಲಿ ಮಾವ?' ಅಂದಳು. ಜಾವಗಲ್ ದಾಟಿದ ಮೇಲೆ ಕಂಡಕ್ಟರನ್ನ ಕೇಳು ಅಂತ ಬರೆದುಬಿಡು, ಅಂದೆ.